ಯಾರಿಗೆ ಯಾವ ರಿಪೋರ್ಟ್, ಯಾವಾಗ, ಹೇಗೆ: ಒಂದು ಆಸ್ಪತ್ರೆ ಕಟ್ಟಡದ ಪ್ರಕರಣ

ಇದು ಒಂದು ಟ್ರಸ್ಟ್ ಆಸ್ಪತ್ರೆಗೆ ಹೊಸ ಬ್ಲಾಕ್ ಕಟ್ಟುವಾಗ ನಡೆದದ್ದು. ಊರು, ಟ್ರಸ್ಟ್, ಜನ ಯಾರ ಹೆಸರೂ ಹೇಳ್ತಿಲ್ಲ, ಗುರುತು ಸಿಗೋ ಒಂದೆರಡು ವಿವರ ಬದಲಾಯಿಸಿದೀನಿ. ನಾನು ಪಿಎಂಸಿ ಕಡೆಯಿಂದ, ಅಂದ್ರೆ ಟ್ರಸ್ಟ್ ಪರವಾಗಿ ಕೆಲಸ ನೋಡ್ಕೊಳ್ಳೋ ಕಂಪನಿಯಿಂದ, ಕೋಆರ್ಡಿನೇಟರ್ ಆಗಿದ್ದೆ. ಕಮ್ಯುನಿಕೇಶನ್ ಪ್ಲಾನ್ ಅಂದ್ರೆ ಟೆಂಡರ್ ಫೈಲಲ್ಲಿ ಇಡೋ ಒಂದು ಎಕ್ಸೆಲ್ ಶೀಟ್ ಅಂತ ತಿಳ್ಕೊಂಡಿರೋ ನಮ್ಮ ಫೀಲ್ಡ್‌ನ ಹುಡುಗ್ರು ಇದನ್ನ ಓದ್ಲಿ ಅಂತ ಬರೀತಿದೀನಿ.

ಹಿನ್ನೆಲೆ

ಗ್ರೌಂಡ್ ಪ್ಲಸ್ ಮೂರು ಫ್ಲೋರ್. ಪಕ್ಕದಲ್ಲೇ ಹಳೇ ಆಸ್ಪತ್ರೆ ನಡೀತಾನೇ ಇತ್ತು, ಒಪಿಡಿ ಒಂದಿನಾನೂ ನಿಲ್ಲಿಸೋ ಹಾಗಿರ್ಲಿಲ್ಲ. ಆರ್ಕಿಟೆಕ್ಟ್ ಬೆಂಗಳೂರಲ್ಲಿ, ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಇನ್ನೊಂದು ಊರಲ್ಲಿ, ಸಿವಿಲ್ ಕಂಟ್ರಾಕ್ಟರ್ ಲೋಕಲ್, ಪ್ಲಂಬಿಂಗ್, ಎಲೆಕ್ಟ್ರಿಕಲ್, ಎಸಿ ಮೂರೂ ಬೇರೆ ಬೇರೆ ಏಜೆನ್ಸಿ. ಟ್ರಸ್ಟ್ ಕಡೆಯಿಂದ ಅಧ್ಯಕ್ಷರು, ಅಡ್ಮಿನಿಸ್ಟ್ರೇಟಿವ್ ಆಫೀಸರ್, ಅಕೌಂಟ್ಸ್ ಮೇಡಂ. ದುಡ್ಡಲ್ಲಿ ಒಂದು ಭಾಗ ಬ್ಯಾಂಕ್ ಲೋನ್.

ಇಷ್ಟೂ ಜನ ಒಂದೇ ವಾಟ್ಸಾಪ್ ಗ್ರೂಪಲ್ಲಿದ್ರು. ಭೂಮಿ ಪೂಜೆ ದಿನ ಯಾರೋ ಮಾಡಿದ ಗ್ರೂಪು, ಮೊದಲು 9 ಜನ, ಆಮೇಲೆ ಸೇರ್ತಾ ಸೇರ್ತಾ 38 ಆಯ್ತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಓದಿದವ್ರಿಗೆ n(n-1)/2 ಅನ್ನೋ ಸೂತ್ರ ಗೊತ್ತಿರುತ್ತೆ, 38 ಜನ ಅಂದ್ರೆ ಇಬ್ಬಿಬ್ಬರ ನಡುವಿನ ದಾರಿ 703. ಪರೀಕ್ಷೆಗೆ ನಾನೂ ಅದನ್ನ ಬಾಯಿಪಾಠ ಮಾಡಿದ್ದೆ, ಆದ್ರೆ ಆ 703ರಲ್ಲಿ ಯಾವ ಹತ್ತು ದಾರಿ ಮುಚ್ಚಿದ್ರೆ ಕಟ್ಟಡ ನಿಲ್ಲುತ್ತೆ ಅಂತ ಅದು ಹೇಳಲ್ಲ.

ಆ ಸ್ಲ್ಯಾಬ್

ಸೆಕೆಂಡ್ ಫ್ಲೋರ್ ಸ್ಲ್ಯಾಬ್ ಗುರುವಾರ ಬೆಳಿಗ್ಗೆ ಹಾಕೋದು ಅಂತ ಫಿಕ್ಸ್ ಆಗಿತ್ತು, ರೆಡಿಮಿಕ್ಸ್ ಬುಕ್ ಆಗಿತ್ತು, ಪಂಪ್ ಬುಕ್ ಆಗಿತ್ತು. ಅದೇ ವಾರ ಡಾಕ್ಟರ್‌ಗಳು ಒಂದು ಸ್ಕ್ಯಾನ್ ರೂಮಿನ ಜಾಗ ಬದಲಾಯಿಸಿದ್ರು. ಆರ್ಕಿಟೆಕ್ಟ್ ಆಫೀಸಲ್ಲಿ ಡ್ರಾಯಿಂಗ್ ತಿದ್ದಿ, R2 ಇದ್ದದ್ದು R3 ಆಯ್ತು. ಡ್ರೈನ್ ಪೈಪ್ ಇಳಿಯೋಕೆ ಸ್ಲ್ಯಾಬಲ್ಲಿ ತೂತು ಬಿಡೋ 11 ಸ್ಲೀವ್ ಜಾಗ ಬದಲಾಗಿತ್ತು, ಎಸಿ ಡಕ್ಟ್‌ನ ಕಟೌಟ್ 600 ಮಿಲಿಮೀಟರ್ ಆಚೆ ಹೋಗಿತ್ತು. ಮಂಗಳವಾರ ರಾತ್ರಿ 9:40ಕ್ಕೆ `SLB-02_R3.pdf` ಅಂತ ಆ ಗ್ರೂಪಿಗೆ ಬಂತು, ಕೆಳಗೆ ಒಂದೇ ಸಾಲು, "ಪ್ಲೀಸ್ ಫಾಲೋ ದಿಸ್".

ಅವತ್ತೇ ರಾತ್ರಿ ಸೈಟಿಂದ ಕಂಬಿ ಕಟ್ಟಿರೋ 47 ಫೋಟೋ ಬಂದ್ವು, ಬೆಳಿಗ್ಗೆ ಟ್ರಸ್ಟಿಯೊಬ್ರ ಹುಟ್ಟುಹಬ್ಬ, ಅದಕ್ಕೆ ಮೂವತ್ತು ಶುಭಾಶಯ. ಪಿಡಿಎಫ್ ಮೇಲಕ್ಕೆ ಹೋಗಿ ಹೂತುಹೋಯ್ತು. ಗುರುವಾರ ಬೆಳಿಗ್ಗೆ 6ಕ್ಕೆ ಪಂಪ್ ಬಂತು, ಸಂಜೆ ಹೊತ್ತಿಗೆ R2 ಪ್ರಕಾರ ಸ್ಲ್ಯಾಬ್ ಹಾಕಿ ಮುಗೀತು.

ಗೊತ್ತಾಗಿದ್ದು ಸೋಮವಾರ. ಪ್ಲಂಬಿಂಗ್ ಸೂಪರ್‌ವೈಸರ್ ತನ್ನ ಮೊಬೈಲಲ್ಲಿ R3 ಇಟ್ಕೊಂಡು ಟೇಪ್ ಹಿಡಿದು ಅಳೀತಾ ಇದ್ರು, ಸ್ಲೀವ್ ಇರ್ಬೇಕಾದ ಕಡೆ ಬರೀ ಕಾಂಕ್ರೀಟು. ಮೂರು ಸಲ ಅಳೆದು ನಂಗೆ ಫೋನ್ ಮಾಡಿದ್ರು.

ಆಮೇಲಿನದ್ದು ಸಿವಿಲ್‌ನವ್ರಿಗೆ ಗೊತ್ತಿರೋದೇ. ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಒಪ್ಪೋವರೆಗೂ ಯಾರೂ ಮಷಿನ್ ಮುಟ್ಟೋ ಹಾಗಿಲ್ಲ. ಕಂಬಿ ಎಲ್ಲಿದೆ ಅಂತ ಸ್ಕ್ಯಾನ್ ಮಾಡಿಸಿದ್ವಿ, 11ರಲ್ಲಿ 8 ಕಡೆ ಕೋರ್ ಕಟಿಂಗ್ ಮಾಡಬಹುದು ಅಂದ್ರು, ಉಳಿದ 3 ಬೀಮ್ ಮೇಲೇ ಬರ್ತಿದ್ವು, ಬೀಮ್ ಕೊರೆಯೋ ಮಾತೇ ಇಲ್ಲ, ಹಾಗಾಗಿ ಆ ಪೈಪ್‌ಗಳನ್ನ ಫಾಲ್ಸ್ ಸೀಲಿಂಗ್ ಮೇಲೆ ಸುತ್ತಿಸಿ ತಂದ್ವಿ. ಡಕ್ಟ್ ಕಟೌಟ್ ಹಳೇ ಜಾಗದಲ್ಲೇ ಬಿಟ್ಟು ಡಕ್ಟನ್ನೇ ಬಗ್ಗಿಸಬೇಕಾಯ್ತು. ಆ ಭಾಗದ ಕೆಲಸ 19 ದಿನ ಹಿಂದೆ ಬಿತ್ತು.

ಖರ್ಚು ಯಾರದ್ದು ಅಂತ ಮೀಟಿಂಗ್ ಆಯ್ತಲ್ಲ, ಆ ಮೀಟಿಂಗ್ ನಾನು ಮರೆಯಲ್ಲ. ಆರ್ಕಿಟೆಕ್ಟ್ ಫೋನ್ ತೆಗೆದು ಆ ಮೆಸೇಜಿನ ಇನ್ಫೋ ತೋರಿಸಿದ್ರು, ಓದಿದವರ ಪಟ್ಟೀಲಿ ಸೈಟ್ ಇಂಜಿನಿಯರ್ ಹೆಸರಿತ್ತು. "ನೋಡಿ, ನಿಮ್ಮ ಹುಡುಗ ನೋಡಿದಾನೆ." ಸೈಟ್ ಇಂಜಿನಿಯರ್ ತಲೆ ಎತ್ತಿ, "ಸರ್, ಗ್ರೂಪ್ ಓಪನ್ ಮಾಡಿದೀನಿ, ಆದ್ರೆ ಅದು ನಂಗೆ ಬಂದಿರೋ ಡ್ರಾಯಿಂಗ್ ಅಂತ ನಂಗೆ ಗೊತ್ತಾಗ್ಲಿಲ್ಲ" ಅಂದ. ಕಂಟ್ರಾಕ್ಟರ್ ಅಗ್ರಿಮೆಂಟ್ ತೆಗೆದು, ಡ್ರಾಯಿಂಗ್ ಅಂದ್ರೆ ಸಹಿ ಮಾಡಿ ತಗೊಂಡಿರೋ ಟ್ರಾನ್ಸ್‌ಮಿಟಲ್, ಅಂದ್ರೆ ಏನು ಕಳ್ಸಿದ್ದು ಅನ್ನೋ ಚೀಟಿ, ಅದರ ಜೊತೆ ಬರಬೇಕು ಅನ್ನೋ ಕಲಮು ಓದಿದ್ರು. ಇಬ್ರ ಮಾತೂ ಸುಳ್ಳಲ್ಲ. ಡ್ರಾಯಿಂಗ್ ಯಾವ ದಾರೀಲಿ ಬಂದ್ರೆ ಲೆಕ್ಕ, ಯಾವ ದಾರೀಲಿ ಬಂದ್ರೆ ಲೆಕ್ಕಕ್ಕಿಲ್ಲ ಅಂತ ನಾವೇ, ಅಂದ್ರೆ ಪಿಎಂಸಿ, ಯಾವತ್ತೂ ಹೇಳಿರ್ಲಿಲ್ಲ. ಕೊನೆಗೆ ಸ್ಕ್ಯಾನಿಂಗ್, ಕೋರ್ ಕಟಿಂಗ್ ಖರ್ಚು ಟ್ರಸ್ಟ್ ಕೊಡ್ತು, ಕೆಲಸ ಇಲ್ದೇ ಕೂತ ಲೇಬರ್ ಖರ್ಚು ಕಂಟ್ರಾಕ್ಟರ್ ತಗೊಂಡ್ರು. ಯಾರಿಗೂ ಸಮಾಧಾನ ಇರ್ಲಿಲ್ಲ.

ಮೊದಲು ಮಾಡಿದ ಪ್ಲಾನ್

ಆ ವಾರವೇ ಕಮ್ಯುನಿಕೇಶನ್ ಪ್ಲಾನ್ ಬರೀರಿ ಅಂತ ನಂಗೆ ಹೇಳಿದ್ರು. ಆಫೀಸಿನ ಟೆಂಪ್ಲೇಟ್ ತೆಗೆದೆ, 23 ಸಾಲು ತುಂಬಿದೆ. ಡೈಲಿ ರಿಪೋರ್ಟ್, ವೀಕ್ಲಿ ರಿಪೋರ್ಟ್, ಮಂತ್ಲಿ ರಿಪೋರ್ಟ್, ಮೆಟೀರಿಯಲ್ ರಿಪೋರ್ಟ್, ಲೇಬರ್ ರಿಪೋರ್ಟ್, ಕ್ವಾಲಿಟಿ, ಸೇಫ್ಟಿ, ಡ್ರಾಯಿಂಗ್ ಸ್ಟೇಟಸ್, ಹೀಗೆ. ಒಂದ್ಸಲ ಮಾಹಿತಿ ತಲುಪದೇ ಪೆಟ್ಟು ತಿಂದಿದ್ವಲ್ಲ, ಆ ಭಯಕ್ಕೆ ಎಲ್ಲಾ ಎಲ್ಲರಿಗೂ ಹೋಗ್ಲಿ ಅಂದ್ಕೊಂಡೆ. ಡೈಲಿ ರಿಪೋರ್ಟ್ 7 ಪುಟ, ರಾತ್ರಿ 8ಕ್ಕೆ 17 ಜನಕ್ಕೆ ಇಮೇಲ್.

ಆರು ವಾರ ಹೀಗೇ ನಡೀತು. ಸೈಟ್ ಇಂಜಿನಿಯರ್ ಸಂಜೆ 5:30ಕ್ಕೆ ಕಂಪ್ಯೂಟರ್ ಮುಂದೆ ಕೂತ್ರೆ ಎರಡು ಗಂಟೆ ಏಳ್ತಿರ್ಲಿಲ್ಲ, ಅದೇ ಹೊತ್ತಲ್ಲಿ ಮಾರನೇ ದಿನದ ಸೆಂಟ್ರಿಂಗ್ ಚೆಕ್ ಮಾಡಬೇಕಾದವನು ಅವನೇ.

ಒಂದಿನ ಕ್ಯೂರಿಂಗ್‌ಗೆ ಬಂದ ನೀರಿನ ಟ್ಯಾಂಕರ್ ಬಿಲ್ ತಾಳೆ ನೋಡೋಕೆ ಅಂತ ಹಳೇ ಡೈಲಿ ರಿಪೋರ್ಟ್‌ಗಳನ್ನ ತೆಗೆದೆ. ನಾಲ್ಕು ದಿನ ಲೇಬರ್ ಸಂಖ್ಯೆ ಒಂದೇ ಇತ್ತು, ಮೇಸ್ತ್ರಿ 6, ಬಾರ್ ಬೆಂಡರ್ 14, ಹೆಲ್ಪರ್ 22. ಅದರಲ್ಲಿ ಒಂದು ಭಾನುವಾರ, ಅವತ್ತು ಸೈಟು ರಜಾ. ಸೈಟ್ ಇಂಜಿನಿಯರ್ ಹಿಂದಿನ ದಿನದ ಫೈಲನ್ನೇ ತಾರೀಖು ಬದಲಾಯಿಸಿ ಕಳ್ಸಿದ್ದ. ನಂಗೆ ಸಿಟ್ಟು ಬಂತು, ಕರೆದು ಕೇಳೋಣ ಅಂತಲೂ ಎದ್ದೆ. ಆಮೇಲೆ ಹೊಳೀತು, ಆ ನಾಲ್ಕು ರಿಪೋರ್ಟ್ 17 ಜನಕ್ಕೆ ಹೋಗಿದೆ, ಒಬ್ರಾದ್ರೂ ಭಾನುವಾರ 14 ಬಾರ್ ಬೆಂಡರ್ ಎಲ್ಲಿಂದ ಬಂದ್ರು ಅಂತ ಕೇಳ್ಲಿಲ್ಲ. ಆ 17ರಲ್ಲಿ ನಾನೂ ಒಬ್ಬ.

ಹುಡುಗನ್ನ ಬೈಲಿಲ್ಲ. ಬದಲಿಗೆ ಎರಡು ವಾರ ಮೂರು ರಿಪೋರ್ಟ್ ಹೇಳದೇ ನಿಲ್ಲಿಸಿ ಅಂದೆ: ಮೆಟೀರಿಯಲ್, ಸೇಫ್ಟಿಯ ಸಾರಾಂಶ, ಡ್ರಾಯಿಂಗ್ ಸ್ಟೇಟಸ್. ಸೇಫ್ಟಿ ಚೆಕ್ ನಿಲ್ಲಿಸಲಿಲ್ಲ, ಅದರ ಬಗ್ಗೆ ಎಲ್ಲರಿಗೂ ಹೋಗ್ತಿದ್ದ ಇಮೇಲ್ ಮಾತ್ರ. ಎರಡು ವಾರ ಮುಗಿಯೋವರೆಗೆ ಒಂದೇ ಫೋನ್ ಬಂತು, ಸ್ಟ್ರಕ್ಚರಲ್ ಕನ್ಸಲ್ಟೆಂಟ್‌ದು. ಮೆಟೀರಿಯಲ್ ರಿಪೋರ್ಟಿನ ಕೊನೇ ಪುಟದಲ್ಲಿ ಇರ್ತಿದ್ದ, ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡೋ ಕ್ಯೂಬ್ ಟೆಸ್ಟ್ ರಿಸಲ್ಟ್ ಬಂದಿಲ್ಲ ಅಂತ. ಅಂದ್ರೆ ಅಷ್ಟೂ ಕಾಗದದಲ್ಲಿ ಬೇಕಾಗಿದ್ದು ಒಬ್ಬರಿಗೆ, ಒಂದು ಪುಟ.

ಜನರನ್ನ ಕೇಳಿದ್ದು

ಆಗ ಟೆಂಪ್ಲೇಟ್ ಮುಚ್ಚಿಟ್ಟು ಒಬ್ಬೊಬ್ಬರ ಹತ್ರ ಹೋದೆ. "ನಿಮಗೆ ಯಾವ ರಿಪೋರ್ಟ್ ಬೇಕು" ಅಂತ ಕೇಳಿದ್ರೆ ಎಲ್ರೂ ಎಲ್ಲಾ ಬೇಕು ಅಂತಾರೆ, ಬೇಡ ಅಂದ್ರೆ ಜವಾಬ್ದಾರಿ ಬಿಟ್ಟ ಹಾಗೆ ಅನ್ಸುತ್ತೆ ಅವರಿಗೆ. ಅದಕ್ಕೆ ಬೇರೆ ಥರ ಕೇಳಿದೆ: ಮುಂದಿನ ಮೂರು ತಿಂಗಳಲ್ಲಿ ನೀವು ತಗೋಬೇಕಾದ ತೀರ್ಮಾನ ಯಾವ್ದು, ಅದಕ್ಕೆ ಎಷ್ಟು ದಿನ ಮುಂಚೆ ಗೊತ್ತಾಗ್ಬೇಕು?

ಅಧ್ಯಕ್ಷರಿಗೆ ಎಪ್ಪತ್ತು ದಾಟಿದೆ, ಇಮೇಲ್ ಅವರ ಮಗ ನೋಡೋದು. ಅವರು ಹೇಳಿದ್ದು, "ನೋಡಪ್ಪಾ, ಎಷ್ಟು ದುಡ್ಡು ಯಾವಾಗ ಬೇಕು ಅಂತ ಹೇಳು. ಒಪಿಡಿ ಯಾವಾಗ ಶಿಫ್ಟ್ ಆಗುತ್ತೆ ಹೇಳು. ದೇವಸ್ಥಾನದ ಹತ್ರ ಯಾರಾದ್ರೂ ಕೇಳಿದ್ರೆ ನಾನೇನು ಉತ್ರ ಕೊಡ್ಲಿ ಅದನ್ನ ಹೇಳು. ಕಂಬಿ ಎಷ್ಟು ಟನ್ ಬಂತು ಅಂತ ನಂಗ್ಯಾಕೆ." ಅಕೌಂಟ್ಸ್ ಮೇಡಂಗೆ ಕಂಟ್ರಾಕ್ಟರ್‌ನ ರನ್ನಿಂಗ್ ಬಿಲ್ ಎಷ್ಟು ಬರಬಹುದು ಅಂತ ಹತ್ತು ದಿನ ಮುಂಚೆ ಅಂದಾಜು ಸಿಕ್ಕಿದ್ರೆ ಸಾಕು, ಯಾಕಂದ್ರೆ ಬ್ಯಾಂಕಿಂದ ಲೋನ್ ಕಂತು ಬಿಡಿಸೋಕೆ ಇಂಜಿನಿಯರ್ ಸರ್ಟಿಫಿಕೇಟು, ಫೋಟೋ ಎಲ್ಲಾ ಜೋಡಿಸಿ ಕೊಡಬೇಕು. ಕನ್ಸಲ್ಟೆಂಟಿಗೆ ಕಾಂಕ್ರೀಟ್ ಹಾಕೋ 48 ಗಂಟೆ ಮುಂಚೆ ತಿಳೀಬೇಕು, ಆಮೇಲೆ 28 ದಿನದ ಕ್ಯೂಬ್ ರಿಸಲ್ಟ್ ಎಲ್ಲಾ, 7 ದಿನದ್ದು ಕಡಿಮೆ ಬಂದಿದ್ರೆ ಮಾತ್ರ ತಕ್ಷಣ.

ಮೇಸ್ತ್ರಿಯನ್ನ ಕೇಳಿದ್ದೇ ತುಂಬಾ ಉಪಯೋಗ ಆಯ್ತು. "ಸಾರ್, ನಂಗೆ ಪೇಪರ್ ಬೇಡ, ಹಿಂದಿನ ದಿನ ಕೊಟ್ಟಿದ್ದು ಇವತ್ತೂ ನಡೀತದಾ ಇಲ್ವಾ ಅದೊಂದು ಹೇಳ್ರಿ." ಅವರ ಗುಡಿಸಲಲ್ಲಿ ಒಂದೇ ಸ್ಲ್ಯಾಬಿನ ಮೂರು ಪ್ರಿಂಟ್ ನೇತಾಕಿದ್ರು, R1, R2, ಇನ್ನೊಂದಕ್ಕೆ ನಂಬರೇ ಹರಿದುಹೋಗಿತ್ತು. ಹೊಸಾದು ಕೊಟ್ಟಾಗ ಹಳೇದನ್ನ ವಾಪಸ್ ತಗೋಬೇಕು ಅನ್ನೋದು ನಮ್ಮ 23 ಸಾಲಲ್ಲಿ ಎಲ್ಲೂ ಇರ್ಲಿಲ್ಲ.

ಎರಡನೇ ಪ್ಲಾನ್

23 ಹೋಗಿ 6 ಸಾಲಾಯ್ತು. ಎಲ್ಲಾ ವಿವರಿಸಲ್ಲ, ಎರಡನ್ನ ಮಾತ್ರ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಟ್ಟಡ ಉಳಿಸಿದ್ದು ಅವೇ.

ಒಂದು ಡ್ರಾಯಿಂಗ್. ಯಾವುದೇ ತಿದ್ದುಪಡಿ ಆದ್ರೂ ಆರ್ಕಿಟೆಕ್ಟ್ ಆಫೀಸಿಂದ ಒಂದೇ ಇಮೇಲ್ ಐಡಿಗೆ ಬರಬೇಕು, ಜೊತೆಗೆ ಟ್ರಾನ್ಸ್‌ಮಿಟಲ್, ಅದರಲ್ಲಿ ಡ್ರಾಯಿಂಗ್ ನಂಬರ್, ರಿವಿಷನ್, ಏನು ಬದಲಾಯ್ತು ಅಂತ ಒಂದು ಸಾಲು. ನಮ್ಮ ಡಾಕ್ಯುಮೆಂಟ್ ಕಂಟ್ರೋಲರ್ ಎರಡು ಪ್ರಿಂಟ್ ತೆಗೆದು, ಸೀಲ್ ಹಾಕಿ, ಸೈಟ್ ಇಂಜಿನಿಯರ್ ಸಹಿ ತಗೊಂಡು ಕೊಡೋದು, ಹಳೇ ಪ್ರಿಂಟ್ ವಾಪಸ್ ತಂದು ಅಡ್ಡಗೆರೆ ಎಳೆಯೋದು. ಹಳೇ ಪ್ರಿಂಟ್ ಕೈಗೆ ಬರೋವರೆಗೆ ಹೊಸದು ಕೊಟ್ಟ ಲೆಕ್ಕ ಇಲ್ಲ. ಪ್ಲಂಬಿಂಗ್, ಎಲೆಕ್ಟ್ರಿಕಲ್, ಎಸಿ ಮೂವರಿಗೂ ಅದೇ ದಿನ ಅದೇ ಪ್ರತಿ. ಫೋನಲ್ಲೋ ವಾಟ್ಸಾಪಲ್ಲೋ ಅರ್ಜೆಂಟ್ ಏನಾದ್ರೂ ಹೇಳಿದ್ರೆ ಅವತ್ತೇ ಸಂಜೆಯೊಳಗೆ ಸೈಟ್ ಆರ್ಡರ್ ಬುಕ್ಕಲ್ಲಿ ಬರೀಬೇಕು.

ಇನ್ನೊಂದು ಪೋರ್ ಕಾರ್ಡ್. ಇದು ನಾವು ಕಂಡುಹಿಡಿದದ್ದಲ್ಲ, ದೊಡ್ಡ ಸೈಟುಗಳಲ್ಲಿ ಎಷ್ಟೋ ವರ್ಷದಿಂದ ಇದೆ, ನಮ್ಮ ಸೈಟಲ್ಲೂ ಹೆಸರಿಗೆ ಇತ್ತು. ಕಾಂಕ್ರೀಟ್ ಹಾಕೋ ಮುಂಚೆ ಸಿವಿಲ್, ಪ್ಲಂಬಿಂಗ್, ಎಲೆಕ್ಟ್ರಿಕಲ್ ಎಲ್ರೂ ಸಹಿ ಹಾಕೋ ಕಾಗದ. ಅದರಲ್ಲಿ ಹೊಸದಾಗಿ ಒಂದು ಕಾಲಂ ಸೇರಿಸಿದ್ವಿ: ನೀವು ಯಾವ ರಿವಿಷನ್ ನೋಡಿ ಚೆಕ್ ಮಾಡಿದ್ರಿ? ಅದನ್ನ ಟೈಪ್ ಮಾಡಿ ಕೊಡ್ತಿರ್ಲಿಲ್ಲ, ಪ್ರತಿಯೊಬ್ರೂ ತಮ್ಮ ಕೈಯಲ್ಲಿರೋ ಪ್ರಿಂಟ್ ನೋಡಿ ಕೈಯಾರೆ ಬರೀಬೇಕು. ಒಬ್ರು R2, ಇನ್ನೊಬ್ರು R3 ಅಂತ ಬರೆದ್ರೆ ಪಂಪ್ ಬರಲ್ಲ. ಇದು ದಿನಕ್ಕೋ ವಾರಕ್ಕೋ ಒಂದ್ಸಲ ಹೋಗೋ ರಿಪೋರ್ಟ್ ಅಲ್ಲ, ಕಾಂಕ್ರೀಟ್ ಯಾವಾಗಲೋ ಅದಕ್ಕೆ 48 ಗಂಟೆ ಮುಂಚೆ. ಇಂಥದ್ದಕ್ಕೆ ಕ್ಯಾಲೆಂಡರ್ ಹಾಕೋದ್ರಲ್ಲಿ ಅರ್ಥ ಇಲ್ಲ ಅಂತ ನಂಗೆ ಅನುಭವಕ್ಕೆ ಬಂದಿದ್ದು ಆಗಲೇ.

ಉಳಿದವು ಚಿಕ್ಕವು. ಅಧ್ಯಕ್ಷರಿಗೆ ಸೋಮವಾರ ಬೆಳಿಗ್ಗೆ ಒಂದು ಫೋನ್, ತಿಂಗಳಿಗೊಂದು ಒಂದೇ ಪುಟದ ಕನ್ನಡ ಪ್ರಿಂಟ್, ದಪ್ಪ ಅಕ್ಷರದಲ್ಲಿ. ಅಕೌಂಟ್ಸಿಗೆ ಬಿಲ್ ಅಂದಾಜು. ಕನ್ಸಲ್ಟೆಂಟಿಗೆ ಕ್ಯೂಬ್ ರಿಸಲ್ಟ್. ಶನಿವಾರ ಮೀಟಿಂಗಿನ ಮಿನಿಟ್ಸ್, ಯಾರ ಕೆಲಸ ಯಾವ ತಾರೀಖು ಅಂತ ಮಾತ್ರ. ಡೈಲಿ ರಿಪೋರ್ಟ್ ಒಂದು ಪುಟಕ್ಕೆ ಇಳಿದು ಸೈಟ್ ಆಫೀಸ್ ಫೈಲಲ್ಲೇ ಉಳೀತು, ಬೇಕಾದವ್ರು ಬಂದು ನೋಡಬಹುದು. ಅದನ್ನ ಪೂರ್ತಿ ಕೈಬಿಡೋ ಹಾಗಿಲ್ಲ, ಮಳೆ ಎಷ್ಟು ದಿನ ಬಂತು, ಕೆಲಸ ಯಾಕೆ ನಿಂತಿತ್ತು ಅಂತ ಮುಂದೆ ಟೈಮ್ ಎಕ್ಸ್‌ಟೆನ್ಷನ್ ಕೇಳುವಾಗ ಅದೇ ಸಾಕ್ಷಿ.

ಕಷ್ಟ ಆಗಿದ್ದು ಮೊದಲ ಮೂರು ವಾರ. ವಾಟ್ಸಾಪ್ ಗ್ರೂಪಿಗೆ "ಫೋಟೋ ಮಾತ್ರ" ಅಂತ ಹೆಸರು ಬದಲಾಯಿಸಿದ್ರೂ ಆರ್ಕಿಟೆಕ್ಟ್ ಆಫೀಸಿನ ಜೂನಿಯರ್ ಒಬ್ರು ಮೆಟ್ಟಿಲಿನ ಡೀಟೇಲ್ ಅಲ್ಲೇ ಹಾಕಿದ್ರು. ಸೈಟ್ ಇಂಜಿನಿಯರ್ ಕೆಳಗೆ ಬರೆದ, "ಸರ್ ಇಮೇಲ್ ಮಾಡಿ, ಪ್ರಿಂಟ್ ಕೈಗೆ ಬಂದ್ಮೇಲೆ ಶುರು ಮಾಡ್ತೀವಿ". ಮೆಟ್ಟಿಲ ಕೆಲಸ ಅರ್ಧ ದಿನ ನಿಂತೋಯ್ತು. ಕಂಟ್ರಾಕ್ಟರ್ ನಂಗೆ ಫೋನ್ ಮಾಡಿ ಲೇಬರ್ ಸುಮ್ನೆ ಕೂತಿದಾರೆ ಅಂತ ಕೂಗಾಡಿದ್ರು, ಆರ್ಕಿಟೆಕ್ಟ್ ಕೂಡ ಇದೇನು ಸರ್ಕಾರಿ ಆಫೀಸಾ ಅಂದ್ರು. ಅವತ್ತು ನಾನು "ಹೋಗ್ಲಿ ಬಿಡಿ, ಈ ಸಲ ಮಾಡಿ" ಅಂದಿದ್ರೆ ಪ್ಲಾನ್ ಅಲ್ಲಿಗೇ ಮುಗೀತಿತ್ತು. ಹುಡುಗ ಮಾಡಿದ್ದು ಸರಿ ಅಂತ ಎಲ್ರಿಗೂ ಇಮೇಲಲ್ಲಿ ಬರೆದೆ. ಮಧ್ಯಾಹ್ನ ಇಮೇಲ್ ಬಂತು, ಟ್ರಾನ್ಸ್‌ಮಿಟಲ್ ಬಂತು, ಪ್ರಿಂಟ್ ಹೋಯ್ತು. ಆಮೇಲೆ ಆ ಗ್ರೂಪಲ್ಲಿ ಡ್ರಾಯಿಂಗ್ ಬಂದಿದ್ದು ನಾನು ನೋಡಿಲ್ಲ.

ಥರ್ಡ್ ಫ್ಲೋರ್ ಸ್ಲ್ಯಾಬಿಗೆ ಪೋರ್ ಕಾರ್ಡ್ ಸುತ್ತು ಹಾಕಿಸಿದಾಗ ಎಲೆಕ್ಟ್ರಿಕಲ್‌ನವ್ರು R1 ಅಂತ ಬರೆದಿದ್ರು, ಉಳಿದವ್ರೆಲ್ಲ R2. ನೋಡಿದ್ರೆ ಅವರ ಸೂಪರ್‌ವೈಸರ್ ರಜೆಯಲ್ಲಿದ್ದಾಗ ಬಂದ ಪ್ರಿಂಟ್ ಟೂಲ್ ಬಾಕ್ಸಲ್ಲೇ ಉಳಿದಿತ್ತು. ನಾಲ್ಕು ಕಂಡ್ಯೂಟ್ ಪಾಯಿಂಟ್ ಸರಿಸಿದ್ವಿ, ಒಂದೂವರೆ ಗಂಟೆ ಕೆಲಸ. ಕಾಂಕ್ರೀಟ್ ಹೇಳಿದ ದಿನವೇ ಆಯ್ತು.

ಪಟ್ಟಿಯಲ್ಲಿ ಇಲ್ಲದವರು

ಇಲ್ಲಿಗೆ ಎಲ್ಲಾ ಸರಿಹೋಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಇನ್ನೊಂದು ತಪ್ಪು ಆಯ್ತು, ಅದು ನಂದೇ.

ಹೊಸ ಬ್ಲಾಕಿಗೆ ಕರೆಂಟ್ ಕೊಡೋಕೆ ಹಳೇ ಆಸ್ಪತ್ರೆಯ ಮೇನ್ ಪ್ಯಾನಲ್ಲಲ್ಲಿ ಕೆಲಸ ಇತ್ತು, ನಾಲ್ಕು ಗಂಟೆ ಶಟ್‌ಡೌನ್. ಒಟಿ, ಎಮರ್ಜೆನ್ಸಿಗೆ ಬೇರೆ ಜನರೇಟರ್ ಬಾಡಿಗೆಗೆ ತಂದಿದ್ವಿ. ಪ್ಲಾನ್ ಪ್ರಕಾರ ಅಡ್ಮಿನಿಸ್ಟ್ರೇಟಿವ್ ಆಫೀಸರಿಗೆ ಇಮೇಲ್ ಮಾಡಿದ್ದೆ, ಅವರು ಸರಿ ಅಂತ ಉತ್ರಾನೂ ಕೊಟ್ಟಿದ್ರು. ಬುಧವಾರ ಬೆಳಿಗ್ಗೆ 10ಕ್ಕೆ ಕರೆಂಟ್ ತೆಗೆದ್ವಿ. 11:30 ಹೊತ್ತಿಗೆ ಇಮ್ಯುನೈಸೇಶನ್ ರೂಮಿನ ಸಿಸ್ಟರ್ ಸೈಟ್ ಆಫೀಸಿಗೇ ಬಂದ್ರು. ಅವತ್ತು ಮಕ್ಕಳಿಗೆ ಲಸಿಕೆ ಹಾಕೋ ದಿನ. ಲಸಿಕೆ ಇಡೋ ಐಎಲ್‌ಆರ್ ಫ್ರಿಜ್ 2ರಿಂದ 8 ಡಿಗ್ರಿ ಒಳಗೇ ಇರ್ಬೇಕು. ಮುಚ್ಚಳ ಮುಚ್ಚಿಟ್ರೆ ಕರೆಂಟ್ ಇಲ್ದಿದ್ರೂ ಗಂಟೆಗಟ್ಲೆ ತಂಪು ಹಿಡಿಯುತ್ತೆ, ಆದ್ರೆ ಲಸಿಕೆ ದಿನ ಮುಚ್ಚಳ ತೆಗೀತಾನೇ ಇರ್ಬೇಕಲ್ಲ. ಮಾಮೂಲಿ ಕರೆಂಟ್ ಹೋದ್ರೆ ಆಸ್ಪತ್ರೆ ಜನರೇಟರ್ ತಾನೇ ಆನ್ ಆಗುತ್ತೆ, ಅವರೂ ಅದಕ್ಕೇ ಕಾದಿದ್ದಾರೆ. ನಾವು ಬಿಚ್ಚಿದ್ದು ಅದೇ ಪ್ಯಾನಲ್, ಆ ಜನರೇಟರ್ ಕರೆಂಟೂ ಅದರಿಂದಲೇ ಹಾದು ಹೋಗ್ಬೇಕು ಅಂತ ಅವರಿಗೆ ಯಾರು ಹೇಳಿದ್ರು?

ಥರ್ಮಾಮೀಟರ್ 7ಕ್ಕೆ ಬಂದಾಗಲೇ ಸಿಸ್ಟರ್ ಲಸಿಕೆಯನ್ನೆಲ್ಲ ಐಸ್ ಪ್ಯಾಕ್ ಹಾಕಿದ ಕೋಲ್ಡ್ ಬಾಕ್ಸಿಗೆ ಹಾಕಿದ್ರು, ಹಾಗಾಗಿ ಏನೂ ಹಾಳಾಗ್ಲಿಲ್ಲ. "ಸರ್, ನಂಗೆ ನಿನ್ನೆ ಒಂದು ಮಾತು ಹೇಳಿದ್ರೆ ಸಾಕಿತ್ತು" ಅಂತಷ್ಟೇ ಅಂದು ಹೋದ್ರು.

ನನ್ನ ಆರು ಸಾಲಿನ ಪಟ್ಟೀಲಿ ಇದ್ದವರೆಲ್ಲ ಕಟ್ಟಡ ಕಟ್ಟೋರು ಇಲ್ಲಾ ದುಡ್ಡು ಕೊಡೋರು. ಕಟ್ಟೋದ್ರಿಂದ ದಿನಾ ತೊಂದ್ರೆ ಆಗೋರು ಒಬ್ರೂ ಇರ್ಲಿಲ್ಲ. ಅಡ್ಮಿನಿಸ್ಟ್ರೇಟಿವ್ ಆಫೀಸರ್ ಅವರಿಗೆ ಹೇಳ್ತಾರೆ ಅಂತ ನಾನು ಅಂದ್ಕೊಂಡಿದ್ದೆ, ಅವರು ಜನರೇಟರ್ ಇದೆಯಲ್ಲ ಅಂದ್ಕೊಂಡಿದ್ರು.

ಏಳನೇ ಸಾಲು ಅವತ್ತು ಸಂಜೆಯೇ ಸೇರ್ತು: ಕರೆಂಟ್, ನೀರು, ಆಕ್ಸಿಜನ್ ಲೈನ್, ಆಂಬುಲೆನ್ಸ್ ದಾರಿ, ಇದರಲ್ಲಿ ಯಾವುದನ್ನ ಮುಟ್ಟಿದ್ರೂ 48 ಗಂಟೆ ಮುಂಚೆ ಕನ್ನಡದಲ್ಲಿ ಪ್ರಿಂಟ್ ನೋಟೀಸು, ಇಮೇಲ್ ಅಲ್ಲ. ಯಾವುದು ಬಂದ್ ಆಗುತ್ತೆ, ಜನರೇಟರ್ ಕೆಲಸ ಮಾಡುತ್ತಾ ಇಲ್ವಾ, ಎಷ್ಟೊತ್ತಿಗೆ ವಾಪಸ್ ಬರುತ್ತೆ. ಪ್ರತಿ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್, ಲ್ಯಾಬ್, ಫಾರ್ಮಸಿ, ಎಲ್ರ ಸಹಿ. ಸಹಿ ಪಕ್ಕ ಒಂದು ಖಾಲಿ ಜಾಗ, ಏನಾದ್ರೂ ಹೇಳೋದಿದ್ರೆ ಬರೀಲಿ ಅಂತ.

ಎರಡನೇ ಶಟ್‌ಡೌನಿಗೆ ನೋಟೀಸ್ ಕೊಟ್ಟು ಕಳ್ಸಿದ ಹುಡುಗ ಒಂದು ಗಂಟೆ ಬಿಟ್ಟು ವಾಪಸ್ ತಂದ. 9 ಸಹಿ ಇತ್ತು. ಇಮ್ಯುನೈಸೇಶನ್ ರೂಮಿನ ಸಹಿ ಪಕ್ಕ ನೀಲಿ ಪೆನ್ನಲ್ಲಿ, "ಬುಧವಾರ ಬೇಡ, ಶುಕ್ರವಾರ ಮಧ್ಯಾಹ್ನ 2ರ ಮೇಲೆ ಮಾಡಿ". ಲ್ಯಾಬಿನವ್ರು ಕೆಳಗೆ, "ನಮಗೂ ಶುಕ್ರವಾರ ಆದ್ರೆ ಒಳ್ಳೇದು". ಎಲೆಕ್ಟ್ರಿಕಲ್‌ನವ್ರಿಗೆ ಫೋನ್ ಮಾಡಿ ಶುಕ್ರವಾರಕ್ಕೆ ಹಾಕಿಸಿದೆ.